ಎಂಟು ಗೆರೆ, ಹತ್ತು ಕಾರ್ಬನ್: ಒಂದು ಅಪರಿಚಿತ ಸ್ಯಾಂಪಲ್‌ನ ಡೆಪ್ಟ್ ಲೆಕ್ಕ

ಸ್ಯಾಂಪಲ್ ಬಂದಿದ್ದು ಎನ್‌ಎಂಆರ್ ಟ್ಯೂಬ್‌ನಲ್ಲೇ, ಮುಚ್ಚಳ ಬಿಗಿದುಕೊಂಡು. ಒಳಗೆ ಸುಮಾರು 20 ಮಿಲಿಗ್ರಾಂ ವಸ್ತು, 0.6 ಮಿಲಿಲೀಟರ್ CDCl3ಯಲ್ಲಿ ಕರಗಿತ್ತು. ಅದು ಘನವೋ ಎಣ್ಣೆಯೋ, ವಾಸನೆ ಹೇಗಿದೆ, ಏನೂ ಗೊತ್ತಿರಲಿಲ್ಲ. ಜೊತೆಗೆ ಎರಡು ಮಾಹಿತಿ ಮಾತ್ರ ಇತ್ತು. ಹೈ ರೆಸಲ್ಯೂಷನ್ ಮಾಸ್ ಪ್ರಕಾರ ಸೂತ್ರ C10H16O. ಐಆರ್‌ನಲ್ಲಿ 1740ರ ಆಸುಪಾಸು ಒಂದು ಬಲವಾದ ಕಾರ್ಬೊನಿಲ್ ಪೀಕ್, 3300ರ ಹತ್ತಿರ ಏನೂ ಇಲ್ಲ.

ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿ 400 ಮೆಗಾಹರ್ಟ್ಸ್ ಯಂತ್ರದಲ್ಲಿ ಕಾರ್ಬನ್-13 ಸ್ಪೆಕ್ಟ್ರಂ, ಡೆಪ್ಟ್-135, ಡೆಪ್ಟ್-90 ಮೂರನ್ನೂ ತೆಗೆದು, ಪ್ರಿಂಟ್ ಹಿಡಿದು ಬಂದಳು. ಡೆಪ್ಟ್ ಅಂದರೆ ಯಾವ ಕಾರ್ಬನ್ ಮೇಲೆ ಎಷ್ಟು ಹೈಡ್ರೋಜನ್ ಇವೆ ಅನ್ನುವುದನ್ನು ಗೆರೆಯ ದಿಕ್ಕಿನಿಂದ ತಿಳಿಸುವ ಪ್ರಯೋಗ. "ಸರ್, ಸೂತ್ರದಲ್ಲಿ ಹತ್ತು ಕಾರ್ಬನ್ ಇದೆ. ನನಗೆ ಸಿಕ್ಕಿರೋದು ಎಂಟೇ ಗೆರೆ. ಎರಡು ಕಡೆ ಸಿಮೆಟ್ರಿ ಇರಬೇಕು ಅಲ್ವಾ?"

ಕೇಳುವುದು ಸರಿಯೇ. ಗೆರೆ ಕಡಿಮೆ ಬಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಸಿಮೆಟ್ರಿ. ಒಂದೇ ಥರದ ಪರಿಸರದಲ್ಲಿರುವ ಎರಡು ಕಾರ್ಬನ್ ಒಂದೇ ಗೆರೆ ಕೊಡುತ್ತವೆ. ಆದರೆ ಗೆರೆ ಕಡಿಮೆಯಾಗಲು ಇನ್ನೂ ಮೂರು ಕಾರಣ ಇರಬಹುದು. ಎರಡು ಗೆರೆ ಒಂದರ ಮೇಲೊಂದು ಕೂತಿರಬಹುದು. ಗೆರೆ ತೀರಾ ದುರ್ಬಲವಾಗಿ ನಾಯ್ಸ್‌ನಲ್ಲಿ ಮುಳುಗಿರಬಹುದು. ಇಲ್ಲವೇ ನಾವು ನೋಡುತ್ತಿರುವ ಕಿಟಕಿಯಿಂದಲೇ ಅದು ಹೊರಗಿರಬಹುದು. ಸಿಮೆಟ್ರಿ ಅಂತ ಬರೆಯುವ ಮುಂಚೆ ಈ ಮೂರನ್ನೂ ತಳ್ಳಿಹಾಕಬೇಕು.

ಮೊದಲ ಕಳೆದುಹೋದ ಗೆರೆ: 43 ಪಿಪಿಎಂ

ಅವಳ ಪಟ್ಟಿಯಲ್ಲಿದ್ದ ಎಂಟು ಗೆರೆಗಳು ಇವು: 57.7, 46.8, 43.2, 29.9, 27.1, 19.8, 19.2, 9.3. ದ್ರಾವಕದ ಮೂರು ಗೆರೆ 77ರಲ್ಲಿ ಬೇರೆ.

ಡೆಪ್ಟ್-135ರ ಪ್ರಿಂಟ್‌ನಲ್ಲಿ 43ರ ಹತ್ತಿರದ ಆಕಾರ ವಿಚಿತ್ರವಾಗಿತ್ತು. ಗೆರೆ ಮೇಲಕ್ಕೂ ಹೋಗಿತ್ತು, ಕೆಳಕ್ಕೂ ಇಳಿದಿತ್ತು. ಅವಳು ಅದನ್ನು ಫೇಸ್ ಸರಿಯಾಗಿಲ್ಲ ಅಂದುಕೊಂಡಿದ್ದಳು. ಆದರೆ ಫೇಸ್ ಕೆಟ್ಟಿದ್ದರೆ ಉಳಿದ ಗೆರೆಗಳೂ ಹಾಗೇ ಕಾಣಬೇಕಿತ್ತು. 29.9 ನೇರವಾಗಿ ಕೆಳಗಿತ್ತು, 19.8 ನೇರವಾಗಿ ಮೇಲಿತ್ತು, ಎರಡೂ ಚೊಕ್ಕವಾಗಿದ್ದವು. ಒಂದೇ ಜಾಗದಲ್ಲಿ ಮಾತ್ರ ಫೇಸ್ ಕೆಡುವುದಿಲ್ಲ.

ಪರದೆಯ ಮೇಲೆ 42ರಿಂದ 44ರವರೆಗಿನ ಭಾಗ ಹಿಗ್ಗಿಸಿದಾಗ ವಿಷಯ ತಿಳಿಯಿತು. ಅಲ್ಲಿದ್ದದ್ದು ಎರಡು ಗೆರೆ: 43.3 ಕೆಳಮುಖ, 43.1 ಮೇಲ್ಮುಖ. ನಡುವಿನ ಅಂತರ ಸುಮಾರು ಕಾಲು ಪಿಪಿಎಂ. ಈ ಯಂತ್ರದಲ್ಲಿ ಕಾರ್ಬನ್ ಫ್ರೀಕ್ವೆನ್ಸಿ ಸುಮಾರು 100 ಮೆಗಾಹರ್ಟ್ಸ್, ಹಾಗಾಗಿ ಕಾಲು ಪಿಪಿಎಂ ಅಂದರೆ 25 ಹರ್ಟ್ಸ್. ಗೆರೆಯ ಅಗಲ ಒಂದೆರಡು ಹರ್ಟ್ಸ್ ಇರುವಾಗ 25 ಹರ್ಟ್ಸ್ ಅಂತರ ಧಾರಾಳ. ಯಂತ್ರ ಅವನ್ನು ಸರಿಯಾಗಿಯೇ ಬೇರ್ಪಡಿಸಿತ್ತು. ತೊಂದರೆ ಇದ್ದದ್ದು ಕಾಗದದಲ್ಲಿ. 240 ಪಿಪಿಎಂ ಅಗಲವನ್ನು 25 ಸೆಂಟಿಮೀಟರ್‌ನಲ್ಲಿ ಅಚ್ಚು ಹಾಕಿದರೆ ಕಾಲು ಪಿಪಿಎಂ ಬರೋದು ಕಾಲು ಮಿಲಿಮೀಟರ್! ಪೆನ್ಸಿಲ್ ಗೆರೆಗಿಂತ ತೆಳು.

ಇಲ್ಲಿ ಡೆಪ್ಟ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ, ಒಂದು ಅಪಾಯವನ್ನೂ ತರುತ್ತದೆ. ಎರಡು ಗೆರೆ ವಿರುದ್ಧ ದಿಕ್ಕಿನಲ್ಲಿದ್ದರೆ ಹಿಗ್ಗಿಸಿದ ತಕ್ಷಣ ಬೇರೆ ಬೇರೆ ಅಂತ ಕಾಣುತ್ತವೆ. ಆದರೆ ಲೈನ್ ಬ್ರಾಡನಿಂಗ್ ಜಾಸ್ತಿ ಹಾಕಿದರೆ, ಅಥವಾ ಡೇಟಾ ಪಾಯಿಂಟ್ ಕಡಿಮೆ ತೆಗೆದುಕೊಂಡಿದ್ದರೆ, ಮೇಲಿನದೂ ಕೆಳಗಿನದೂ ಒಂದನ್ನೊಂದು ಕಳೆದುಕೊಂಡು ಸಣ್ಣಗಾಗಿಬಿಡುತ್ತವೆ. ತೀರಾ ಹತ್ತಿರ ಇದ್ದರೆ ಎರಡೂ ಮಾಯವಾದಂತೆ ಕಾಣಬಹುದು. ಆಗ ಡೆಪ್ಟ್‌ನಲ್ಲಿ ಗೆರೆ ಇಲ್ಲ, ಸಾಮಾನ್ಯ ಸ್ಪೆಕ್ಟ್ರಂನಲ್ಲಿ ಇದೆ, ಹಾಗಾದರೆ ಹೈಡ್ರೋಜನ್ ಇಲ್ಲದ ಕಾರ್ಬನ್, ಅಂದರೆ ಕ್ವಾಟರ್ನರಿ, ಅಂತ ಬರೆದುಬಿಡುವ ಸಾಧ್ಯತೆ ಇದೆ. ಆ ತಪ್ಪು ಪತ್ತೆಯಾಗುವುದು ಹೈಡ್ರೋಜನ್ ಲೆಕ್ಕ ಮಾಡಿದಾಗಲೇ.

ಈಗ ಗೆರೆ ಒಂಬತ್ತಾದವು.

ಮೇಲೆ, ಕೆಳಗೆ, ಮತ್ತು ಡೆಪ್ಟ್-90ರ ಸಣ್ಣ ಗೆರೆಗಳು

ಡೆಪ್ಟ್ ವಿಧಾನವನ್ನು ಡಾಡ್ರೆಲ್, ಪೆಗ್ ಮತ್ತು ಬೆಂಡಾಲ್ 1982ರಲ್ಲಿ ಪ್ರಕಟಿಸಿದರು. ಹೈಡ್ರೋಜನ್‌ನ ಬಲವನ್ನು ಅದು ಅಂಟಿಕೊಂಡಿರುವ ಕಾರ್ಬನ್‌ಗೆ ದಾಟಿಸುವುದೇ ಇದರ ಉಪಾಯ. ಹಾಗಾಗಿ ಹೈಡ್ರೋಜನ್ ಇಲ್ಲದ ಕಾರ್ಬನ್‌ಗೆ ಇಲ್ಲಿ ಗೆರೆಯೇ ಬರುವುದಿಲ್ಲ. CDCl3ಗೂ ಬರುವುದಿಲ್ಲ, ಅದರಲ್ಲಿರೋದು ಡ್ಯೂಟೀರಿಯಂ. ಕೊನೆಯ ಹೈಡ್ರೋಜನ್ ಪಲ್ಸ್‌ನ ಕೋನ θ ಎಷ್ಟು ಅನ್ನುವುದರ ಮೇಲೆ ಪ್ರತಿ ಬಗೆಯ ಕಾರ್ಬನ್‌ನ ಎತ್ತರ ಹೀಗೆ ಬದಲಾಗುತ್ತದೆ:

```
CH  :  sin θ
CH2 :  2 sin θ cos θ
CH3 :  3 sin θ cos² θ
```

θ 135 ಡಿಗ್ರಿ ಹಾಕಿ ನೋಡಿ. ಮೀಥೈನ್ 0.71, ಮೀಥೈಲ್ 1.06, ಎರಡೂ ಮೇಲೆ. ಮೀಥಿಲೀನ್ −1, ಅಂದರೆ ಕೆಳಗೆ. θ 90 ಆದರೆ cos θ ಸೊನ್ನೆ. ಮೀಥೈನ್ ಮಾತ್ರ ಉಳಿಯುತ್ತದೆ. ಇಷ್ಟು ಗೊತ್ತಿದ್ದರೆ ಬೇರೆ ಏನನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಈ ಸ್ಯಾಂಪಲ್‌ನ ಡೆಪ್ಟ್-135ರಲ್ಲಿ ಮೇಲಿದ್ದವು 43.1, 19.8, 19.2 ಮತ್ತು 9.3. ಕೆಳಗಿದ್ದವು 43.3, 29.9, 27.1. ಕಾಣದೇ ಹೋದವು 57.7 ಮತ್ತು 46.8. ಒಂದು ಎಚ್ಚರಿಕೆ: ಯಾವುದು ಮೇಲೆ ಯಾವುದು ಕೆಳಗೆ ಅನ್ನುವುದು ಫೇಸ್ ಹಾಕಿದವರ ಕೈಯಲ್ಲಿರುತ್ತದೆ. ಇಡೀ ಸ್ಪೆಕ್ಟ್ರಂ ತಲೆಕೆಳಗಾಗಿ ಬಂದಿರುವುದೂ ಉಂಟು. ಇಲ್ಲಿ 9.3ರ ಗೆರೆ ನೆರವಿಗೆ ಬಂತು. ಇಂಥ ಸೂತ್ರದ ವಸ್ತುವಿನಲ್ಲಿ ಅಷ್ಟು ಕೆಳಗಿನ ಪಿಪಿಎಂನಲ್ಲಿ ಬರುವುದು ಸಾಮಾನ್ಯವಾಗಿ ಮೀಥೈಲ್. ಅದು ಮೇಲಿದೆ, ಹಾಗಾದರೆ ದಿಕ್ಕು ಸರಿಯಿದೆ.

ಡೆಪ್ಟ್-90ರಲ್ಲಿ ಮಾತ್ರ ಗೊಂದಲ ಇತ್ತು. 43.1ರಲ್ಲಿ ಎತ್ತರದ ಗೆರೆ ಬಂದಿತ್ತು, ಅದು ಬರಲೇಬೇಕು. ಅದರ ಜೊತೆಗೆ 43.3, 29.9, 27.1ರಲ್ಲೂ ಸಣ್ಣ ಗೆರೆಗಳಿದ್ದವು, ಮೀಥೈನ್‌ನ ಸುಮಾರು ಮೂರನೇ ಒಂದು ಭಾಗದಷ್ಟು. ಅವೂ ಮೀಥೈನ್ ಇರಬಹುದಾ ಅಂತ ಅವಳ ಅನುಮಾನ.

ಇರಲಾರವು. ಡೆಪ್ಟ್-135ರಲ್ಲಿ ಕೆಳಗೆ ಹೋದ ಕಾರ್ಬನ್ ಮೀಥೈನ್ ಆಗಲು ಸಾಧ್ಯವೇ ಇಲ್ಲ. ಹಾಗಾದರೆ ಇದು ಸೋರಿಕೆ. ಎಲ್ಲಿಂದ ಸೋರಿತು ಅನ್ನುವುದನ್ನು ಮೇಲಿನ ಸೂತ್ರವೇ ಹೇಳುತ್ತದೆ. ಪಲ್ಸ್ ಹತ್ತು ಶೇಕಡಾ ಕಡಿಮೆಯಾಗಿ 90ರ ಬದಲು 81 ಡಿಗ್ರಿ ತಿರುಗಿತು ಅಂದುಕೊಳ್ಳಿ. ಮೀಥೈನ್ 0.99, ಹೆಚ್ಚುಕಡಿಮೆ ಪೂರ್ತಿ. ಮೀಥಿಲೀನ್ 0.31. ಮೀಥೈಲ್ ಬರೀ 0.07. ಅಂದರೆ ಸೋರುವುದು ಮುಖ್ಯವಾಗಿ ಮೀಥಿಲೀನ್‌ಗಳೇ, ಅದೂ ಮೇಲ್ಮುಖವಾಗಿ. ಪಲ್ಸ್ ಜಾಸ್ತಿಯಾಗಿ 99 ಡಿಗ್ರಿ ಆಗಿದ್ದರೆ ಇದೇ 0.31 ಕೆಳಮುಖವಾಗಿ ಬರುತ್ತಿತ್ತು. ಹಾಗಾಗಿ ಡೆಪ್ಟ್-90ರಲ್ಲಿ ಸಣ್ಣ ಮೀಥಿಲೀನ್ ಗೆರೆ ಯಾವ ಕಡೆಗಿದೆ ಅಂತ ನೋಡಿದರೆ ಪಲ್ಸ್ ಕಡಿಮೆಯೋ ಜಾಸ್ತಿಯೋ ಅನ್ನುವುದು ಅಲ್ಲೇ ತಿಳಿಯುತ್ತದೆ. ನಿಜವಾದ ಯಂತ್ರದಲ್ಲಿ ಬೇರೆ ಪಲ್ಸ್‌ಗಳೂ ಅದೇ ಪ್ರಮಾಣದಲ್ಲಿ ತಪ್ಪುವುದರಿಂದ ಅಂಕಿ ಇಷ್ಟೇ ಇರಬೇಕೆಂದಿಲ್ಲ. ದಿಕ್ಕು ಮಾತ್ರ ನಂಬಬಹುದು.

ಇಲ್ಲಿ ಗೆರೆಗಳು ಮೇಲಿದ್ದವು, ಅಂದರೆ ಪಲ್ಸ್ ಕಡಿಮೆ. ಈ ಟ್ಯೂಬ್‌ಗೆ ಪ್ರೋಬ್ ಟ್ಯೂನ್ ಮಾಡದೆ, ಹಿಂದಿನ ಸ್ಯಾಂಪಲ್‌ನ ಟ್ಯೂನಿಂಗ್‌ನಲ್ಲೇ ಓಡಿಸಲಾಗಿತ್ತು. ಹೈಡ್ರೋಜನ್ ಚಾನೆಲ್ ಟ್ಯೂನ್ ಮಾಡಿ, 90 ಡಿಗ್ರಿ ಪಲ್ಸ್ ಅಳೆದು, ಮತ್ತೆ ಓಡಿಸಿದಾಗ ಮೂರು ಸಣ್ಣ ಗೆರೆಗಳೂ ಹೋದವು. 43.1 ಒಂದೇ ಉಳಿಯಿತು.

ಸೋರಿಕೆಗೆ ಇನ್ನೊಂದು ಕಾರಣವೂ ಇದೆ, ಈ ಪ್ರಕರಣದಲ್ಲಿ ಅದು ಬರಲಿಲ್ಲ. ಡೆಪ್ಟ್‌ನ ಕಾಯುವ ಸಮಯವನ್ನು ಕಾರ್ಬನ್-ಹೈಡ್ರೋಜನ್ ಕಪ್ಲಿಂಗ್ ಸುಮಾರು 145 ಹರ್ಟ್ಸ್ ಅಂತ ಹಿಡಿದು ಇಡುತ್ತಾರೆ, ಅಂದರೆ 3.4 ಮಿಲಿಸೆಕೆಂಡ್ ಚಿಲ್ಲರೆ. ಸಾಮಾನ್ಯ ಒಂಟಿ ಬಂಧದ ಕಾರ್ಬನ್‌ಗೆ 125, ಅರೋಮ್ಯಾಟಿಕ್‌ಗೆ 160, ಇವೆರಡಕ್ಕೂ ಇದು ನಡೆಯುತ್ತದೆ. ಟರ್ಮಿನಲ್ ಆಲ್ಕೈನ್‌ನಲ್ಲಿ ಕಪ್ಲಿಂಗ್ 250 ಹರ್ಟ್ಸ್. ಅಲ್ಲಿ ಡೆಪ್ಟ್ ಹೇಳುವುದನ್ನು ಕಣ್ಣು ಮುಚ್ಚಿ ನಂಬಬಾರದು. ಅಲ್ಲಿನ ಕ್ವಾಟರ್ನರಿ ಕಾರ್ಬನ್ ಕೂಡ ಎರಡು ಬಂಧ ಆಚೆಯ ಹೈಡ್ರೋಜನ್ ಜೊತೆಗಿನ ಸುಮಾರು 50 ಹರ್ಟ್ಸ್ ಕಪ್ಲಿಂಗ್‌ನಿಂದಾಗಿ ಡೆಪ್ಟ್‌ನಲ್ಲಿ ಕಾಣಿಸಿಕೊಳ್ಳಬಹುದು.

ಹೈಡ್ರೋಜನ್ ಲೆಕ್ಕ ಕೂಡಿಬಂತು, ಕಾರ್ಬನ್ ಲೆಕ್ಕ ಬರಲಿಲ್ಲ

ಈಗ ಕೂಡಿಸಿ ನೋಡೋಣ. ಮೀಥೈಲ್ 3, ಹೈಡ್ರೋಜನ್ 9. ಮೀಥಿಲೀನ್ 3, ಹೈಡ್ರೋಜನ್ 6. ಮೀಥೈನ್ 1, ಹೈಡ್ರೋಜನ್ 1. ಒಟ್ಟು 16. ಸೂತ್ರದಲ್ಲಿರುವುದೂ 16.

ಈ ಒಂದು ಸಂಕಲನದಿಂದ ಎರಡು ವಿಷಯ ಗೊತ್ತಾಗುತ್ತವೆ. ಎಲ್ಲ ಹೈಡ್ರೋಜನ್‌ಗಳೂ ಕಾರ್ಬನ್ ಮೇಲೇ ಇವೆ, ಹಾಗಾಗಿ OH ಇಲ್ಲ. ಐಆರ್ ಕೂಡ ಅದನ್ನೇ ಹೇಳಿತ್ತು. ಎರಡನೆಯದು ಇನ್ನೂ ಮುಖ್ಯ. ಎಲ್ಲ ಹೈಡ್ರೋಜನ್‌ಗೂ ಲೆಕ್ಕ ಸಿಕ್ಕಿರುವುದರಿಂದ, ಇನ್ನೂ ಸಿಗದ ಹತ್ತನೆಯ ಕಾರ್ಬನ್ ಮೇಲೆ ಒಂದೂ ಹೈಡ್ರೋಜನ್ ಇರಲಾರದು. ಸಿಮೆಟ್ರಿಯಿಂದ ಎರಡು ಮೀಥೈಲ್ ಒಂದೇ ಗೆರೆಯಲ್ಲಿ ಅಡಗಿದ್ದರೆ ಸಂಕಲನ 19 ಆಗಬೇಕಿತ್ತು. ಮೀಥೈಲ್, ಮೀಥಿಲೀನ್, ಮೀಥೈನ್ ಯಾವುದರಲ್ಲೂ ಜೋಡಿ ಇಲ್ಲ. ಸಿಮೆಟ್ರಿಯ ಮಾತು ಇಲ್ಲಿಗೆ ಬಹುಪಾಲು ಮುಗಿಯಿತು.

ಹಾಗಾದರೆ ಕಾಣೆಯಾದದ್ದು ಒಂದು ಕ್ವಾಟರ್ನರಿ. ಐಆರ್‌ನಲ್ಲಿ ಕಾರ್ಬೊನಿಲ್ ಇದೆ, ಆದರೆ ಕಾರ್ಬನ್ ಸ್ಪೆಕ್ಟ್ರಂನಲ್ಲಿ 60ರ ಮೇಲೆ ದ್ರಾವಕ ಬಿಟ್ಟರೆ ಏನೂ ಇಲ್ಲ. ಕಾಣೆಯಾದ ಗೆರೆ ಯಾವುದು ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಅವಳು ಅದಾಗಲೇ ಸ್ಕ್ಯಾನ್ ಸಂಖ್ಯೆಯನ್ನು 256ರಿಂದ 1024ಕ್ಕೆ ಏರಿಸಿ ನೋಡಿದ್ದಳು. ಯೋಚನೆ ತಪ್ಪಲ್ಲ. ಹೈಡ್ರೋಜನ್ ಇಲ್ಲದ ಕಾರ್ಬನ್ ನಿಧಾನವಾಗಿ ರಿಲ್ಯಾಕ್ಸ್ ಆಗುತ್ತದೆ, ಸಣ್ಣ ಅಣುಗಳಲ್ಲಿ ಹತ್ತಾರು ಸೆಕೆಂಡ್ ಬೇಕಾಗಬಹುದು. ಪಕ್ಕದ ಹೈಡ್ರೋಜನ್‌ನಿಂದ ಸಿಗುವ ಎನ್‌ಒಇ ಬಲವೂ ಅದಕ್ಕೆ ಕಡಿಮೆ. ಪೂರ್ತಿ ಸಿಕ್ಕಿದರೆ ಆ ಬಲ ಗೆರೆಯನ್ನು ಸುಮಾರು ಮೂರು ಪಟ್ಟು ಎತ್ತರಿಸುತ್ತದೆ. ಹೀಗಾಗಿ ಕ್ವಾಟರ್ನರಿ ಗೆರೆ ಗಿಡ್ಡಗಿರುತ್ತದೆ. ಆದರೆ ಸ್ಕ್ಯಾನ್ ನಾಲ್ಕು ಪಟ್ಟು ಮಾಡಿದರೆ ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ ಎರಡು ಪಟ್ಟಷ್ಟೇ ಸುಧಾರಿಸುತ್ತದೆ. ಇಂಥ ಕಾರ್ಬನ್‌ಗೆ ಸ್ಕ್ಯಾನ್‌ಗಳ ನಡುವೆ ಕಾಯುವ ಸಮಯ ಹೆಚ್ಚಿಸುವುದು, ಪಲ್ಸ್ ಕೋನ 30 ಡಿಗ್ರಿಗೆ ಇಳಿಸುವುದು ಹೆಚ್ಚು ಫಲ ಕೊಡುತ್ತದೆ.

ಆದರೂ ದುರ್ಬಲತೆ ಅನ್ನುವ ವಿವರಣೆ ಇಲ್ಲಿ ಸಾಲದು. 57.7 ಮತ್ತು 46.8 ಕೂಡ ಕ್ವಾಟರ್ನರಿಗಳೇ. ಅವು ಗಿಡ್ಡಗಿದ್ದರೂ ಮೊದಲ ಸ್ಪೆಕ್ಟ್ರಂನಲ್ಲೇ ಸ್ಪಷ್ಟವಾಗಿ ಬಂದಿವೆ. ಕಾರ್ಬೊನಿಲ್ ಅವುಗಳಿಗಿಂತ ಸ್ವಲ್ಪ ಸಣ್ಣಗಿರಬಹುದು. 1024 ಸ್ಕ್ಯಾನ್ ಆದ ಮೇಲೂ ಗುರುತೇ ಇಲ್ಲದಷ್ಟು ಸಣ್ಣಗಿರಬೇಕಾ?

ಪ್ಯಾರಾಮೀಟರ್ ಫೈಲ್ ತೆರೆದೆವು. ಕೇಂದ್ರ 100 ಪಿಪಿಎಂ, ಅಗಲ 238 ಪಿಪಿಎಂ. ಅಂದರೆ ಕಿಟಕಿ −19ರಿಂದ 219ರವರೆಗೆ. ಎಸ್ಟರ್, ಆಸಿಡ್, ಅಮೈಡ್, ಆಲ್ಡಿಹೈಡ್, ಬಹುತೇಕ ಕೀಟೋನ್‌ಗಳಿಗೆ ಇದು ಸಾಕು. ಆದರೆ ಸೂತ್ರದಲ್ಲಿ ಇರುವುದು ಒಂದೇ ಆಕ್ಸಿಜನ್, ಹಾಗಾಗಿ ಎಸ್ಟರ್, ಆಸಿಡ್ ಇಲ್ಲ. ಆಲ್ಡಿಹೈಡ್ ಆಗಿದ್ದರೆ 200ರ ಹತ್ತಿರ ಒಂದು ಮೀಥೈನ್ ಬರಬೇಕಿತ್ತು. ಉಳಿದದ್ದು ಕೀಟೋನ್. ಅದರಲ್ಲೂ ಐಆರ್‌ನ 1740 ಐದು ಸದಸ್ಯರ ಉಂಗುರದ ಕೀಟೋನ್‌ಗೆ ಹೊಂದುವ ಅಂಕಿ, ಆರು ಸದಸ್ಯರದಾದರೆ 1715ರ ಹತ್ತಿರ ಇರುತ್ತದೆ. ಐದು ಸದಸ್ಯರ ಉಂಗುರದ ಕಾರ್ಬೊನಿಲ್ ಕಾರ್ಬನ್ 220ರ ಆಸುಪಾಸು ಬರುತ್ತದೆ. ಸರಿಯಾಗಿ ಕಿಟಕಿಯ ಅಂಚಿನಿಂದಾಚೆ!

ಹೊಸ ಯಂತ್ರಗಳಲ್ಲಿ ಡಿಜಿಟಲ್ ಫಿಲ್ಟರ್ ಇರುವುದರಿಂದ ಹೊರಗಿನ ಗೆರೆ ಸುಮ್ನೆ ಅಳಿಸಿಹೋಗುತ್ತದೆ, ಸುಳಿವೂ ಸಿಗುವುದಿಲ್ಲ. ಫಿಲ್ಟರ್ ಇಲ್ಲದ ಹಳೆಯ ಯಂತ್ರವಾಗಿದ್ದರೆ ಅದು ಮಡಚಿಕೊಂಡು ಇನ್ನೊಂದು ತುದಿಯಲ್ಲಿ, −18ರ ಹತ್ತಿರ, ಫೇಸ್ ಕೆಟ್ಟು ಕಾಣಿಸಬಹುದಿತ್ತು.

ಕೇಂದ್ರ 110, ಅಗಲ 260 ಮಾಡಿ, ಕಾಯುವ ಸಮಯವನ್ನು 2 ಸೆಕೆಂಡ್‌ನಿಂದ 10ಕ್ಕೆ ಏರಿಸಿ ಮತ್ತೆ ಓಡಿಸಿದೆವು. 219.7ರಲ್ಲಿ ಗೆರೆ ಬಂತು.

| ಪಿಪಿಎಂ | ಡೆಪ್ಟ್-135 | ಡೆಪ್ಟ್-90 | ಬಗೆ |
|---|---|---|---|
| 219.7 | ಇಲ್ಲ | ಇಲ್ಲ | ಕ್ವಾಟರ್ನರಿ, ಕೀಟೋನ್ |
| 57.7 | ಇಲ್ಲ | ಇಲ್ಲ | ಕ್ವಾಟರ್ನರಿ |
| 46.8 | ಇಲ್ಲ | ಇಲ್ಲ | ಕ್ವಾಟರ್ನರಿ |
| 43.3 | ಕೆಳಗೆ | ಇಲ್ಲ | ಮೀಥಿಲೀನ್ |
| 43.1 | ಮೇಲೆ | ಇದೆ | ಮೀಥೈನ್ |
| 29.9 | ಕೆಳಗೆ | ಇಲ್ಲ | ಮೀಥಿಲೀನ್ |
| 27.1 | ಕೆಳಗೆ | ಇಲ್ಲ | ಮೀಥಿಲೀನ್ |
| 19.8 | ಮೇಲೆ | ಇಲ್ಲ | ಮೀಥೈಲ್ |
| 19.2 | ಮೇಲೆ | ಇಲ್ಲ | ಮೀಥೈಲ್ |
| 9.3 | ಮೇಲೆ | ಇಲ್ಲ | ಮೀಥೈಲ್ |

ಮೀಥೈಲ್ 3, ಮೀಥಿಲೀನ್ 3, ಮೀಥೈನ್ 1, ಕ್ವಾಟರ್ನರಿ 3. ಹತ್ತಕ್ಕೆ ಹತ್ತು.

ಒಂದೇ ಲೆಕ್ಕಕ್ಕೆ ಮೂರು ವಸ್ತು

ಇಲ್ಲಿಗೆ ಎಣಿಕೆ ಮುಗಿಯಿತು, ಗುರುತು ಹಿಡಿಯುವುದು ಮುಗಿಯಲಿಲ್ಲ. C10H16O ಸೂತ್ರದ ಟರ್ಪೀನ್ ಕೀಟೋನ್‌ಗಳು ಹಲವು ಇವೆ. ಥುಜೋನ್‌ನಲ್ಲಿ ಮೀಥೈಲ್ 3, ಮೀಥಿಲೀನ್ 2, ಮೀಥೈನ್ 3, ಕ್ವಾಟರ್ನರಿ 2. ಎಣಿಕೆಯೇ ಅದನ್ನು ಹೊರಗೆ ಹಾಕಿತು. ಆದರೆ ಪುಲಿಗೋನ್, ಫೆಂಕೋನ್, ಕ್ಯಾಂಫರ್ ಮೂರರ ಎಣಿಕೆಯೂ 3, 3, 1, 3. ಡೆಪ್ಟ್ ಎಷ್ಟೇ ಚೆನ್ನಾಗಿ ತೆಗೆದರೂ ಬರೀ ಎಣಿಕೆಯಿಂದ ಇವನ್ನು ಬೇರ್ಪಡಿಸಲು ಆಗುವುದಿಲ್ಲ. ಎಣಿಕೆ ಸರಿಬಂತು ಅಂತ ಹೆಸರು ಬರೆದುಬಿಡುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ.

ಪುಲಿಗೋನ್ ಸುಲಭವಾಗಿ ಹೋಗುತ್ತದೆ. ಅದರ ಮೂರು ಕ್ವಾಟರ್ನರಿಗಳಲ್ಲಿ ಎರಡು ಜೋಡಿ ಬಂಧದವು, 132 ಮತ್ತು 142ರ ಹತ್ತಿರ ಬರುತ್ತವೆ. ನಮ್ಮ ಸ್ಪೆಕ್ಟ್ರಂನಲ್ಲಿ ಆ ಭಾಗ ಖಾಲಿ. ಸೂತ್ರದಿಂದ ಅನ್‌ಸ್ಯಾಚುರೇಷನ್ 3. ಕಾರ್ಬೊನಿಲ್‌ಗೆ ಒಂದು ಕಳೆದರೆ ಎರಡು ಉಳಿಯಿತು, C=C ಇಲ್ಲ, ಹಾಗಾದರೆ ಎರಡು ಉಂಗುರ.

ಮೀಥೈಲ್‌ಗಳು ಎಲ್ಲಿವೆ ಅನ್ನುವುದನ್ನು ಹೈಡ್ರೋಜನ್ ಸ್ಪೆಕ್ಟ್ರಂ ಹೇಳಿತು. 0.84, 0.92, 0.96ರಲ್ಲಿ ಮೂರು ಸಿಂಗ್ಲೆಟ್, ಒಂದೂ ಒಡೆದಿಲ್ಲ. ಅಂದರೆ ಮೂರೂ ಹೈಡ್ರೋಜನ್ ಇಲ್ಲದ ಕಾರ್ಬನ್ ಮೇಲಿವೆ. ಕಾರ್ಬೊನಿಲ್ ಮೇಲೆ ಮೀಥೈಲ್ ಇದ್ದಿದ್ದರೆ ಅದು 2.1ರ ಹತ್ತಿರ ಇರುತ್ತಿತ್ತು, ಅದಿಲ್ಲ. ಉಳಿದ ಕ್ವಾಟರ್ನರಿ ಎರಡೇ: ಒಂದರ ಮೇಲೆ ಎರಡು ಮೀಥೈಲ್, ಇನ್ನೊಂದರ ಮೇಲೆ ಒಂದು.

ಈಗ ಕೈಯಲ್ಲಿರುವ ತುಂಡುಗಳನ್ನು ನೋಡಿ. ಮೂರು ಕೈ ಖಾಲಿ ಇರುವವು ಎರಡು: ಮೀಥೈನ್, ಮತ್ತು ಒಂದೇ ಮೀಥೈಲ್ ಹೊತ್ತ ಕ್ವಾಟರ್ನರಿ. ಎರಡು ಕೈ ಖಾಲಿ ಇರುವವು ಐದು: ಕಾರ್ಬೊನಿಲ್, ಎರಡು ಮೀಥೈಲ್ ಹೊತ್ತ ಕ್ವಾಟರ್ನರಿ, ಮೂರು ಮೀಥಿಲೀನ್. ಮೂರು ಕೈಯವು ಎರಡು ತುದಿಯ ಕಂಬಗಳಾದರೆ, ಐದು ತುಂಡುಗಳು ಅವುಗಳ ನಡುವಿನ ಮೂರು ಸೇತುವೆಗಳಾಗುತ್ತವೆ. ಕಾರ್ಬೊನಿಲ್ ಐದು ಸದಸ್ಯರ ಉಂಗುರದಲ್ಲಿರಬೇಕು. ಕ್ಯಾಂಫರ್, ಫೆಂಕೋನ್ ಎರಡೂ ಈ ಚೌಕಟ್ಟಿಗೆ ಕೂರುತ್ತವೆ, ಸೇತುವೆಗಳ ಉದ್ದ ಎರಡರಲ್ಲೂ 2, 2, 1. ವ್ಯತ್ಯಾಸ ಇಷ್ಟೇ: ಕ್ಯಾಂಫರ್‌ನಲ್ಲಿ ಕಾರ್ಬೊನಿಲ್ ಪಕ್ಕ ಒಂದು ಮೀಥಿಲೀನ್ ಇದೆ, ಎರಡು ಮೀಥೈಲ್‌ನ ಕಾರ್ಬನ್ ಒಂಟಿ ಸೇತುವೆಯಲ್ಲಿದೆ. ಫೆಂಕೋನ್‌ನಲ್ಲಿ ಕಾರ್ಬೊನಿಲ್‌ನ ಎರಡೂ ಪಕ್ಕ ಕ್ವಾಟರ್ನರಿ, ಅಲ್ಲಿ ಹೈಡ್ರೋಜನ್‌ಗೆ ಜಾಗವೇ ಇಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಕಾರ್ಬೊನಿಲ್ ಪಕ್ಕ ಹೈಡ್ರೋಜನ್ ಇದೆಯಾ?

ಇದೆ. 2.35ರಲ್ಲಿ ಒಂದು ಹೈಡ್ರೋಜನ್, 1.84ರಲ್ಲಿ ಇನ್ನೊಂದು, ನಡುವೆ 18 ಹರ್ಟ್ಸ್ ಕಪ್ಲಿಂಗ್. ಒಂದೇ ಕಾರ್ಬನ್ ಮೇಲಿನ ಎರಡು ಹೈಡ್ರೋಜನ್‌ಗಳ ನಡುವೆ, ಪಕ್ಕದಲ್ಲಿ ಕಾರ್ಬೊನಿಲ್ ಇರುವಾಗ, ಇಷ್ಟು ದೊಡ್ಡ ಕಪ್ಲಿಂಗ್ ಬರುತ್ತದೆ. 2.35ರದ್ದು ಇನ್ನೂ ಸಣ್ಣದಾಗಿ ಒಡೆದಿದೆ, ಏಕೆಂದರೆ ಅದಕ್ಕೆ ಪಕ್ಕದ ಮೀಥೈನ್ ಕಾಣುತ್ತದೆ. 1.84ರದ್ದು ಬರೀ ಡಬ್ಲೆಟ್. ಅದಕ್ಕೂ ಮೀಥೈನ್ ಹೈಡ್ರೋಜನ್‌ಗೂ ನಡುವಿನ ಕೋನ 90 ಡಿಗ್ರಿಗೆ ಹತ್ತಿರ, ಆ ಕೋನದಲ್ಲಿ ಕಪ್ಲಿಂಗ್ ಹೆಚ್ಚುಕಡಿಮೆ ಸೊನ್ನೆ. ಗಟ್ಟಿಯಾದ ಸೇತುವೆ ಉಂಗುರದ ಲಕ್ಷಣವೇ ಇದು. ಇಲ್ಲಿಗೆ ಫೆಂಕೋನ್ ಬಿದ್ದುಹೋಯಿತು. ಅದರ ಕಾರ್ಬೊನಿಲ್ ಕೂಡ 223ರ ಆಸುಪಾಸು ಇರುತ್ತದೆ, ನಮ್ಮದು 219.7.

ಇಷ್ಟಾದರೂ ಅನುಮಾನ ಇರುವವರಿಗೆ ಡೆಪ್ಟ್‌ನಲ್ಲೇ ಒಂದು ಪರೀಕ್ಷೆ ಇದೆ. ಸೋಡಿಯಂ ಡ್ಯೂಟೆರಾಕ್ಸೈಡ್ ಜೊತೆ ಬಿಸಿ ಮಾಡಿದರೆ ಕಾರ್ಬೊನಿಲ್ ಪಕ್ಕದ ಹೈಡ್ರೋಜನ್‌ಗಳು ಡ್ಯೂಟೀರಿಯಂಗೆ ಬದಲಾಗುತ್ತವೆ. ಎರಡೂ ಪೂರ್ತಿ ಬದಲಾದರೆ 43.3ರ ಗೆರೆ ಡೆಪ್ಟ್‌ನಿಂದ ಹೋಗಬೇಕು, 43.1 ಹಾಗೇ ಉಳಿಯಬೇಕು. ಪೂರ್ತಿ ಆಗುವವರೆಗೆ ಕಾಯಬೇಕು ಅನ್ನುವುದು ಮುಖ್ಯ. ಎರಡು ಹೈಡ್ರೋಜನ್‌ಗಳಲ್ಲಿ ಹೊರಮುಖದ್ದು ಬಹಳ ಬೇಗ ಬದಲಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಆ ಕಾರ್ಬನ್ ಮೇಲೆ ಒಂದೇ ಹೈಡ್ರೋಜನ್ ಉಳಿದು, ಡೆಪ್ಟ್‌ನಲ್ಲಿ ಮೀಥೈನ್ ಥರ ನಡೆದುಕೊಳ್ಳುತ್ತದೆ. ಡ್ಯೂಟೀರಿಯಂನಿಂದಾಗಿ ಅದು ಮೂರಾಗಿ ಒಡೆದಿರುತ್ತದೆ, ಅದರಿಂದ ಗುರುತು ಹಿಡಿಯಬಹುದು.

ನಮಗೆ ಅದರ ಅಗತ್ಯ ಬೀಳಲಿಲ್ಲ. ಕ್ಯಾಂಫರ್‌ನ ಶುದ್ಧ ಸ್ಯಾಂಪಲ್ ಅನ್ನು ಅದೇ ದ್ರಾವಕದಲ್ಲಿ, ಅದೇ ಅಗಲದ ಕಿಟಕಿಯಲ್ಲಿ ತೆಗೆದು ಮೇಲೆ ಇಟ್ಟು ನೋಡಿದೆವು. ಹತ್ತೂ ಗೆರೆ ಕೂತವು.

ವರದಿಯಲ್ಲಿ ಅವಳು (+)-ಕ್ಯಾಂಫರ್ ಅಂತ ಬರೆದಿದ್ದಳು. ಪ್ಲಸ್ ಗುರುತನ್ನು ತೆಗೆಸಿದೆ. ಎರಡು ಕನ್ನಡಿ ರೂಪಗಳೂ, ಅವುಗಳ ಸಮ ಮಿಶ್ರಣವೂ CDCl3ಯಲ್ಲಿ ಒಂದೇ ಸ್ಪೆಕ್ಟ್ರಂ ಕೊಡುತ್ತವೆ. ಕೃತಕವಾಗಿ ತಯಾರಿಸಿದ ಕ್ಯಾಂಫರ್ ಸಾಮಾನ್ಯವಾಗಿ ಆ ಸಮ ಮಿಶ್ರಣವೇ. ಯಾವುದು ಅಂತ ಹೇಳಲು ಪೋಲಾರಿಮೀಟರ್ ಬೇಕು. ಎಥನಾಲ್‌ನಲ್ಲಿ (+)-ಕ್ಯಾಂಫರ್‌ನ ಸ್ಪೆಸಿಫಿಕ್ ರೊಟೇಷನ್ ಸುಮಾರು +44 ಡಿಗ್ರಿ ಬರಬೇಕು. ಟ್ಯೂಬ್‌ನಲ್ಲಿದ್ದ ವಸ್ತುವನ್ನು ದ್ರಾವಕ ಹಾರಿಸಿ ತೆಗೆದು ತೂಗೋಣ ಅಂದರೆ ಕ್ಯಾಂಫರ್ ತಾನೇ ಆವಿಯಾಗಿ ಹೋಗುವಂಥದ್ದು. ಹಾಗಾಗಿ ಆ ಅಳತೆಗೆ ಕಳಿಸಿದವರಿಂದ ಬೇರೆ ಸ್ಯಾಂಪಲ್ ಕೇಳಲು ಹೇಳಿದೆ.